ಮೈನಸ್ ಅಳಿಸಿದ ಅಳಿಯ

ಭಾನುವಾರ ಸಂಜೆ ಧಾರವಾಡದಿಂದ ಅಕ್ಕನ ಮಗನ ವಿಡಿಯೊ ಕಾಲ್ ಬಂತು. ಎಂಜಿನಿಯರಿಂಗ್ ಮೊದಲ ವರ್ಷ ಓದುತ್ತಿರುವ ಹುಡುಗ, ಮರುದಿನ ಅಸೈನ್‌ಮೆಂಟ್ ಕೊಡಬೇಕಿತ್ತು. “ಮಾಮಾ, ಉತ್ತರ ಮೈನಸ್ ಬಂದಿತ್ತು, ತೆಗೆದು ಪ್ಲಸ್ ಮಾಡೇನಿ. ಕರೆಂಟ್ ಎಲ್ಲರ ಮೈನಸ್ ಇರ್ತದೇನ್ರಿ? ಬರೋಬ್ಬರಿ ಐತಿಲ್ಲೋ ಒಮ್ಮೆ ನೋಡ್ರಿ” ಅಂದ. ಪುಣೆಯ ಬಾಡಿಗೆ ಮನೆಯಲ್ಲಿ ಚಪಾತಿ ಹಿಟ್ಟು ಕಲಸುತ್ತಿದ್ದವನು ಕೈ ತೊಳೆದು ಕೂತೆ. ಎಂ.ಟೆಕ್ ಮುಗಿಸಿ ಸಾಫ್ಟ್‌ವೇರ್‌ಗೆ ಬಂದ ಮೇಲೆ ನಾನು ಸರ್ಕ್ಯೂಟ್ ಬಿಡಿಸಿದ್ದು ಕಡಿಮೆಯೇ. ಆದರೆ ಉತ್ತರ ಸರಿಯೋ ತಪ್ಪೋ ಹೇಳಲು ಲೆಕ್ಕವನ್ನು ಮತ್ತೆ ಬಿಡಿಸಬೇಕಾಗಿಲ್ಲ.

ಲೆಕ್ಕ ಇಷ್ಟೆ. ಮೂರು ಕವಲುಗಳು ಮೇಲೊಂದು, ಕೆಳಗೊಂದು ಬಿಂದುವಿನಲ್ಲಿ ಕೂಡುತ್ತವೆ. ಎಡಗವಲಿನಲ್ಲಿ 12 ವೋಲ್ಟ್ ಬ್ಯಾಟರಿ ಮತ್ತು 2 ಓಮ್, ಬಲಗವಲಿನಲ್ಲಿ 6 ವೋಲ್ಟ್ ಬ್ಯಾಟರಿ ಮತ್ತು 2 ಓಮ್, ನಡುವೆ ಬರೀ 8 ಓಮ್. ಎರಡೂ ಬ್ಯಾಟರಿಗಳ ಪ್ಲಸ್ ಮೇಲ್ಮುಖ. ಎರಡರಿಂದಲೂ ಕರೆಂಟ್ ಮೇಲಿನ ಬಿಂದುವಿಗೆ ಬಂದು ನಡುವಿನಿಂದ ಇಳಿಯುತ್ತದೆ ಎಂದು ಇಟ್ಟುಕೊಂಡು ಅವನು ಬಿಡಿಸಿದ್ದ. ಎಡಕ್ಕೆ 2 ಆಂಪಿಯರ್, ಬಲಕ್ಕೆ ಮೈನಸ್ 1. ಆ ಮೈನಸ್ ಅಳಿಸಿ, ನಡುವೆ 3 ಆಂಪಿಯರ್ ಎಂದು ಬರೆದಿದ್ದ.

“ಬಿಂದುವಿನ ಲೆಕ್ಕ ಹೇಳು” ಅಂದೆ. ಒಂದು ಬಿಂದುವಿಗೆ ಬಂದ ಕರೆಂಟ್ ಎಷ್ಟೋ, ಹೊರಟದ್ದೂ ಅಷ್ಟೇ ಇರಬೇಕು. 2 ಮತ್ತು 1 ಬಂತು, 3 ಹೋಯಿತು. ಜಮಾ-ಖರ್ಚು ಸರಿ! ಹುಡುಗನ ಮುಖ ಅರಳಿತು. ಬಹಳ ಜನ ಪರಿಶೀಲನೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಆ 3 ಬಂದದ್ದೇ 2ಕ್ಕೆ 1 ಕೂಡಿಸಿ. ಕೂಡಿಸಿಯೇ ಬರೆದದ್ದು ಕೂಡಿಸಿದರೆ ತಾಳೆಯಾಗದೆ ಏನು?

“ಈಗ ಎಡಗಡೆಯ ಲೂಪಿಗೆ ಒಂದು ಪ್ರದಕ್ಷಿಣೆ ಹಾಕು” ಅಂದೆ. ಗುಡ್ಡ ಹತ್ತಿಳಿದು ಹೊರಟ ಜಾಗಕ್ಕೇ ಬಂದರೆ ಏರಿದ್ದು, ಇಳಿದದ್ದು ಸಮವಾಗುವ ಹಾಗೆ, ಲೂಪಿನಲ್ಲೂ ಏರಿದ ವೋಲ್ಟೇಜ್, ಇಳಿದ ವೋಲ್ಟೇಜ್ ಕೂಡಿ ಸೊನ್ನೆಯಾಗಬೇಕು. ಬ್ಯಾಟರಿಯಲ್ಲಿ 12 ಏರಿದೆವು. 2 ಓಮ್‌ನಲ್ಲಿ 2 ಆಂಪಿಯರ್ ಹರಿದು 4 ಇಳಿಯಿತು. ನಡುವಿನ 8 ಓಮ್‌ನಲ್ಲಿ 3 ಆಂಪಿಯರ್ ಅಂದರೆ 24 ಇಳಿಯಬೇಕು. 12 − 4 − 24 = −16. ಹನ್ನೆರಡೇ ಮೆಟ್ಟಿಲು ಹತ್ತಿದವನು ಇಪ್ಪತ್ತೆಂಟು ಇಳಿದಂತಾಯಿತು.

ಅಳಿಸಿದ ಮೈನಸ್ ವಾಪಸ್ ಇಟ್ಟೆವು. ಮೈನಸ್ ಅಂದರೆ ಕರೆಂಟ್ ನಾವು ಅಂದುಕೊಂಡ ದಿಕ್ಕಿಗೆ ವಿರುದ್ಧ ಹರಿಯುತ್ತಿದೆ, ಅಷ್ಟೆ. ಈಗ ಮೇಲಿನ ಬಿಂದುವಿಗೆ 2 ಬಂದು, ಬಲಕ್ಕೆ 1, ನಡುವೆ 1 ಹೋಗುತ್ತದೆ. ಎಡ ಲೂಪು: 12 − 4 − 8 = 0.

ಗುಸ್ತಾಫ್ ಕಿರ್ಚಾಫ್ ಈ ಎರಡು ನಿಯಮಗಳನ್ನು ಹೇಳಿದ್ದು 1845ರಲ್ಲಿ, ವಿದ್ಯಾರ್ಥಿಯಾಗಿದ್ದಾಗ. ವಯಸ್ಸು ಇಪ್ಪತ್ತೊಂದು. ಇದನ್ನು ಹೇಳಿದ್ದಕ್ಕೆ ಅಳಿಯ ಮುಖ ಸೊಟ್ಟ ಮಾಡಿದ.

ಪರೀಕ್ಷೆಯಲ್ಲಿ ನಾನೇ ಮಾಡಿದ್ದ ಒಂದು ಎಡವಟ್ಟನ್ನು ಇದೇ ಲೆಕ್ಕದಲ್ಲಿ ತೋರಿಸಿದೆ. ಬಲ ಲೂಪಿನ ಸಮೀಕರಣದಲ್ಲಿ 6 ವೋಲ್ಟ್‌ನ ಚಿಹ್ನೆ ಉಲ್ಟಾ ಬರೆದರೆ ಎಡಕ್ಕೆ 4.67, ಬಲಕ್ಕೆ ಮೈನಸ್ 4.33 ಬರುತ್ತದೆ. ಅದನ್ನು ನಾವೇ ಬರೆದ ಸಮೀಕರಣಕ್ಕೆ ಹಾಕಿದರೆ ಚೆನ್ನಾಗಿ ತಾಳೆಯಾಗುತ್ತದೆ! ಕೂಡಿಸಿ-ಕಳೆದದ್ದು ಸರಿ ಎಂದಷ್ಟೇ ಅದರಿಂದ ತಿಳಿಯುವುದು, ಸಮೀಕರಣವೇ ತಪ್ಪು ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಸಮೀಕರಣ ಮುಚ್ಚಿಟ್ಟು, ಚಿತ್ರದ ಮೇಲೆ ಬೆರಳಿಟ್ಟು, ಲೆಕ್ಕಕ್ಕೆ ಬಳಸದ ಲೂಪ್ ಸುತ್ತಬೇಕು. ಇಲ್ಲಿ ಅದು ನಡುಗವಲು ಬಿಟ್ಟ ಹೊರಗಿನ ದೊಡ್ಡ ಸುತ್ತು. ತಪ್ಪು ಉತ್ತರ ಹಾಕಿದರೆ 12 − 9.33 − 8.67 − 6 = −12. ಎಡ ಲೂಪು ಸೊನ್ನೆಯಾಗಿ, ಹೊರಸುತ್ತು ಆಗದಿದ್ದರೆ ತಪ್ಪು ಬಲಗಡೆಯದ್ದೇ. ಮೈನಸ್ 12 ಅಂದರೆ 6ರ ಎರಡರಷ್ಟು. ಚಿಹ್ನೆ ತಿರುಗಿದಾಗ ವ್ಯತ್ಯಾಸ ಹೀಗೆ ಇಮ್ಮಡಿಯಾಗಿ ಕಾಣುತ್ತದೆ. ಸರಿಯುತ್ತರಕ್ಕೆ 12 − 4 − 2 − 6 = 0.

ದಶಮಾಂಶ ಇದ್ದಾಗ ಪೂರ್ತಿ ಸೊನ್ನೆ ಬರುವುದಿಲ್ಲ, 0.01 ಉಳಿದರೆ ಗಾಬರಿ ಬೇಡ. ಇನ್ನೊಂದು, ಪುಸ್ತಕದಲ್ಲಿ 8 ಓಮ್ ಇದ್ದದ್ದನ್ನು 3 ಎಂದು ಇಳಿಸಿಕೊಂಡಿದ್ದರೆ ಈ ಯಾವ ಸುತ್ತೂ ಹಿಡಿಯುವುದಿಲ್ಲ. ಅದಕ್ಕೆ ಪ್ರಶ್ನೆಯನ್ನೇ ಮತ್ತೆ ಓದಬೇಕು.

ಫೋನ್ ಇಡುವ ಮುಂಚೆ ಕೇಳಿದ, “ಹಂಗಾರ ಆ 6 ವೋಲ್ಟಿನ ಬ್ಯಾಟರಿ ಒಳಗ ಕರೆಂಟ್ ಹೋಗಾಕತ್ತೈತಿ?” ಹೌದು, ಅದು ಚಾರ್ಜ್ ಆಗುತ್ತಿದೆ. ದೊಡ್ಡ ಬ್ಯಾಟರಿ ಕೊಡುವುದು 24 ವ್ಯಾಟ್. ಮೂರು ರೆಸಿಸ್ಟರುಗಳು 8, 8, 2 ವ್ಯಾಟ್ ಬಿಸಿ ಮಾಡುತ್ತವೆ. ಉಳಿದ 6 ವ್ಯಾಟ್ ಸಣ್ಣ ಬ್ಯಾಟರಿಗೆ. ಕೂಡಿಸಿ ನೋಡಿ, “24 ಬಂತ್ರಿ ಮಾಮಾ” ಅಂದ. ನನ್ನ ಹಿಟ್ಟು ಅಷ್ಟೊತ್ತಿಗೆ ಒಣಗಿತ್ತು.