ಉಳಿದ ₹17,750ಕ್ಕೆ ಒಂದು ಪತ್ರ

ಅನುದಾನದ ಹಣದಲ್ಲಿ ನಡೆದ ಯೋಜನೆಯೊಂದು ಮುಗಿದಾಗ ಸಂಸ್ಥೆಯಿಂದ ಒಂದು ದಪ್ಪ ಲಕೋಟೆ ಹೊರಡುತ್ತದೆ. ಹಣ ಬಳಕೆ ಪ್ರಮಾಣಪತ್ರ, ಬಾಬ್ತುವಾರು ಖರ್ಚಿನ ತಃಖ್ತೆ, ಕೊಂಡ ಉಪಕರಣಗಳ ಪಟ್ಟಿ, ಕೆಲಸದ ವರದಿ ಎಲ್ಲವೂ ಅದರಲ್ಲಿರುತ್ತವೆ. ಎಲ್ಲಕ್ಕೂ ಮೇಲೆ ಒಂದು ಪುಟದ ಕವರಿಂಗ್ ಲೆಟರ್. ‘ಮೇಲ್ಕಂಡ ದಾಖಲೆಗಳನ್ನು ಲಗತ್ತಿಸಿದೆ, ದಯವಿಟ್ಟು ಸ್ವೀಕರಿಸಿ’ ಎಂದು ಎರಡು ಸಾಲು ಬರೆದು ಸಹಿ ಹಾಕಿ ಕಳಿಸುವವರೇ ಹೆಚ್ಚು. ಹಣ ಪೈಸೆ ಪೈಸೆ ಖರ್ಚಾಗಿದ್ದರೆ ಅಷ್ಟೇ ಸಾಕಾದೀತು. ಸ್ವಲ್ಪ ಉಳಿದಿದ್ದರೆ ಮಾತ್ರ ಸಾಲದು.

ಕಾರಣ ನಮೂನೆಯಲ್ಲೇ ಇದೆ. ಕೇಂದ್ರ ಸರ್ಕಾರದ ಅನುದಾನಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯಿಸುತ್ತವೆ. ಅವುಗಳ ಪ್ರಕಾರ ಸಂಸ್ಥೆಗಳು ಹಣ ಬಳಕೆ ಪ್ರಮಾಣಪತ್ರವನ್ನು ಜಿಎಫ್‌ಆರ್ 12-ಎ ಎಂಬ ನಮೂನೆಯಲ್ಲಿ ಕೊಡಬೇಕು. ಆರ್ಥಿಕ ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಅದು ತಲುಪಬೇಕು. ಹಿಂದಿನ ಉಳಿಕೆ ಎಷ್ಟು, ಬಂದದ್ದೆಷ್ಟು, ಬಡ್ಡಿ ಎಷ್ಟು, ಖರ್ಚೆಷ್ಟು, ಕೊನೆಗೆ ಉಳಿದದ್ದೆಷ್ಟು ಎಂಬುದಕ್ಕೆಲ್ಲ ಅದರಲ್ಲಿ ಕಾಲಂಗಳಿವೆ. ಆದರೆ ‘ಯಾಕೆ ಉಳಿಯಿತು’ ಎಂಬುದಕ್ಕೆ ಕಾಲಂ ಇಲ್ಲ. ಆ ಉತ್ತರಕ್ಕೆ ಜಾಗ ಇರುವುದು ಕವರಿಂಗ್ ಲೆಟರಿನಲ್ಲೇ.

ವಿವರಕ್ಕೆಂದು ಒಂದು ಮಾದರಿ ಲೆಕ್ಕ ಇಟ್ಟುಕೊಳ್ಳೋಣ. ಕೋಲಾರದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಲ್ಲಿನ ಒಂದು ಪದವಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗಕ್ಕೆ, ಅರವತ್ತು ಕೊಳವೆಬಾವಿಗಳ ನೀರನ್ನು ಎರಡು ವರ್ಷ ಋತುವಿನಿಂದ ಋತುವಿಗೆ ಪರೀಕ್ಷಿಸಲು ಕೇಂದ್ರದ ಇಲಾಖೆಯೊಂದು ₹6,00,000 ಮಂಜೂರು ಮಾಡಿದೆ ಎಂದುಕೊಳ್ಳಿ. ಅವಧಿ 2023ರ ಏಪ್ರಿಲ್ 1ರಿಂದ 2025ರ ಮಾರ್ಚ್ 31. ಫ್ಲೋರೈಡ್ ಅಳೆಯುವ ಮೀಟರಿಗೆ 1,20,000, ರಾಸಾಯನಿಕ ಮತ್ತು ಗಾಜಿನ ಸಾಮಾನಿಗೆ 90,000, ತಿಂಗಳಿಗೆ ಹತ್ತು ಸಾವಿರದಂತೆ ಕ್ಷೇತ್ರ ಸಹಾಯಕರ ಸಂಬಳಕ್ಕೆ 2,40,000, ಓಡಾಟಕ್ಕೆ 80,000, ಸಾದಿಲ್ವಾರಿಗೆ 30,000, ಕಾಲೇಜಿನ ಆಡಳಿತ ವೆಚ್ಚಕ್ಕೆ 40,000. ಕೊನೆಯಲ್ಲಿ ಖರ್ಚಾದದ್ದು ₹5,82,250. ಉಳಿದದ್ದು ₹17,750.

ಮೊತ್ತ ದೊಡ್ಡದಲ್ಲ, ನೂರಕ್ಕೆ ಮೂರರಷ್ಟು. ಆದರೆ ಕಡತ ನೋಡುವ ಅಧಿಕಾರಿಯ ತಲೆಯಲ್ಲಿ ಮೊದಲು ಏಳುವುದು ಒಂದೇ ಪ್ರಶ್ನೆ: ಇದು ಕೆಲಸ ಮುಗಿದ ಮೇಲೆ ಉಳಿತಾಯವಾದ ಹಣವೋ, ಆಗದೇ ಬಿಟ್ಟ ಕೆಲಸದ ಹಣವೋ? ಅಂಕಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಇವನ್ನು ಬೇರೆ ಮಾಡಿ ತೋರಿಸುವುದೇ ಈ ಪತ್ರದ ನಿಜವಾದ ಕೆಲಸ. ‘ಅನಿವಾರ್ಯ ಕಾರಣಗಳಿಂದ ಸ್ವಲ್ಪ ಹಣ ಉಳಿದಿದೆ’ ಎಂಬ ಸಾಲು ಅದನ್ನು ಮಾಡುವುದಿಲ್ಲ. ಆ ಸಾಲು ಓದಿದ ಗುಮಾಸ್ತರು ಸ್ಪಷ್ಟೀಕರಣ ಕೇಳಿ ಪತ್ರ ಬರೆಯುತ್ತಾರೆ, ಅದಕ್ಕೆ ಉತ್ತರ ಹೋಗುತ್ತದೆ, ಅಷ್ಟರಲ್ಲಿ ತಿಂಗಳುಗಳು ಉರುಳುತ್ತವೆ. ಲೆಕ್ಕ ಇತ್ಯರ್ಥವಾಗದ ಸಂಸ್ಥೆಗೆ ಮುಂದಿನ ಅನುದಾನವೂ ತಡವಾಗುತ್ತದೆ.

ಹಾಗಾಗಿ ಉಳಿಕೆಯನ್ನು ಬಾಬ್ತುಗಳಿಗೆ ಹಂಚಿಕೊಂಡೇ ಕೂರಬೇಕು. ನಮ್ಮ ಲೆಕ್ಕದಲ್ಲಿ ಮೀಟರಿನಿಂದ 5,400 ಉಳಿದಿದೆ, ಕೊಟೇಶನ್ ಕರೆದಾಗ ಕಡಿಮೆ ದರಕ್ಕೆ ಸಿಕ್ಕಿತು. ಇದು ಶುದ್ಧ ಉಳಿತಾಯ, ಒಂದೇ ವಾಕ್ಯ ಸಾಕು. ಸಹಾಯಕರ ಸಂಬಳದಲ್ಲಿ 10,000 ಉಳಿದಿದೆ. ಮೊದಲನೆಯವರಿಗೆ ಬೇರೆ ಕೆಲಸ ಸಿಕ್ಕಿ ಹೋದರು, ಹೊಸಬರು ಬರುವವರೆಗೆ ಒಂದು ತಿಂಗಳು ಹುದ್ದೆ ಖಾಲಿಯಿತ್ತು. ಇಲ್ಲಿ ಕಾರಣ ಹೇಳಿದರೆ ಮಾತ್ರ ಸಾಲದು, ಆ ತಿಂಗಳ ಮಾದರಿ ಸಂಗ್ರಹ ಯಾರು ಮಾಡಿದರು ಎಂಬುದನ್ನೂ ಹೇಳಬೇಕು. ರಾಸಾಯನಿಕದಲ್ಲಿ 1,750, ಓಡಾಟದಲ್ಲಿ 600 ಉಳಿದಿದೆ. ಕೊನೆಯ ಸುತ್ತಿನ ಹೊತ್ತಿಗೆ ನಾಲ್ಕು ಕೊಳವೆಬಾವಿಗಳು ಬತ್ತಿದ್ದವು, ಅವುಗಳಿಂದ ನೀರು ತೆಗೆಯಲಾಗಲಿಲ್ಲ. ಇದು ಉಳಿತಾಯವಲ್ಲ, ಆಗದೇ ಹೋದ ಕೆಲಸ. ಅದನ್ನು ಹಾಗೆಯೇ ಬರೆಯಬೇಕು. ಬತ್ತಿದ ಬಾವಿಗಳ ವಿಷಯ ಕೆಲಸದ ವರದಿಯಲ್ಲಿದ್ದು ಪತ್ರದಲ್ಲಿ ಇಲ್ಲದಿದ್ದರೆ ಮುಚ್ಚಿಟ್ಟಂತೆ ಕಾಣುತ್ತದೆ. ಪತ್ರದಲ್ಲಿದ್ದು ವರದಿಯಲ್ಲಿ ಇಲ್ಲದಿದ್ದರೆ ಇನ್ನೂ ಕೆಟ್ಟದು.

ಕೂಡಿ ನೋಡಿ: 5,400, 10,000, 1,750, 600. ಮೊತ್ತ 17,750ಕ್ಕೆ ಸರಿಹೋಗುತ್ತದೆ. ಹೀಗೆ ಸರಿಹೋಗುವವರೆಗೆ ಪತ್ರ ಬರೆಯಲು ಕೂರಬಾರದು.

ಇನ್ನು ಬ್ಯಾಂಕಿನ ಮಾತು. ಪಾಸ್‌ಬುಕ್ಕಿನಲ್ಲಿ ಮಾರ್ಚ್ 31ಕ್ಕೆ ₹29,120 ಇದೆ ಎನ್ನಿ. ಉಳಿಕೆ 17,750 ಎಂದು ಹೇಳಿ ಪಾಸ್‌ಬುಕ್ಕಿನ ಪ್ರತಿ ಲಗತ್ತಿಸಿದರೆ ಓದುವವರು ಬೆಚ್ಚುತ್ತಾರೆ. ವ್ಯತ್ಯಾಸದ ಮೊದಲ ಭಾಗ ಬಡ್ಡಿ. ಎರಡು ವರ್ಷದಲ್ಲಿ ಉಳಿತಾಯ ಖಾತೆಗೆ ಬಿದ್ದ ಬಡ್ಡಿ ₹9,120. ಅದನ್ನು ಸೇರಿಸಿದರೆ ನಗದು ಪುಸ್ತಕದ ಶಿಲ್ಕು ₹26,870 ಆಗುತ್ತದೆ. ಇನ್ನುಳಿದ 2,250 ಜೀಪಿನ ಮಾಲೀಕರಿಗೆ ಮಾರ್ಚ್ ಕೊನೆಯಲ್ಲಿ ಕೊಟ್ಟ ಚೆಕ್ಕು, ಅವರಿನ್ನೂ ಬ್ಯಾಂಕಿಗೆ ಹಾಕಿಲ್ಲ. ಪುಸ್ತಕದಲ್ಲಿ ಖರ್ಚಾಗಿದೆ, ಬ್ಯಾಂಕಿನಲ್ಲಿ ಆಗಿಲ್ಲ. ಬ್ಯಾಂಕ್ ತಾಳೆಪಟ್ಟಿಯಲ್ಲಿ ಇದೊಂದು ಸಾಲು. ಪತ್ರದಲ್ಲೂ ಒಂದು ಸಾಲು ಬಂದರೆ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ.

ಬಡ್ಡಿಯ ವಿಷಯದಲ್ಲಿ ಎಡವುವವರು ಬಹಳ. ಅದು ನಮ್ಮ ಖಾತೆಗೆ ಬಂದದ್ದು, ನಮ್ಮದೇ ಎಂದು ಜೆರಾಕ್ಸಿಗೋ ಚಹಾಕ್ಕೋ ಬಳಸಿಬಿಡುತ್ತಾರೆ. ನಿಯಮ 230 ಇದಕ್ಕೆ ಅವಕಾಶ ಕೊಡುವುದಿಲ್ಲ: ಅನುದಾನದ ಮೇಲೆ ಬಂದ ಬಡ್ಡಿಯನ್ನು ಲೆಕ್ಕ ಅಂತಿಮವಾದ ಕೂಡಲೇ ಭಾರತದ ಸಂಚಿತ ನಿಧಿಗೆ ಕಟ್ಟಬೇಕು. ಭಾರತ್ ಕೋಶ್ ಎಂಬ ಸರ್ಕಾರಿ ಪೋರ್ಟಲ್ ಮೂಲಕ ಕಟ್ಟಿ ರಸೀದಿ ತೆಗೆದುಕೊಳ್ಳಬಹುದು. ಉಳಿಕೆ ಅಸಲನ್ನು ಎಲ್ಲಿಗೆ, ಹೇಗೆ ಹಿಂದಿರುಗಿಸಬೇಕು ಎಂಬುದನ್ನು ಮಾತ್ರ ಮಂಜೂರಾತಿ ಆದೇಶ ನೋಡಿಯೇ ತೀರ್ಮಾನಿಸಬೇಕು, ಅದು ಹಣ ಕೊಟ್ಟವರನ್ನು ಅವಲಂಬಿಸಿರುತ್ತದೆ. ಅಸಲು ಬೇರೆ, ಬಡ್ಡಿ ಬೇರೆ ಕಟ್ಟಿದರೆ ಎರಡು ರಸೀದಿ ಸಿಗುತ್ತವೆ, ಲೆಕ್ಕ ಗೋಜಲಾಗುವುದಿಲ್ಲ. ಈಚೆಗೆ ಹಲವು ಯೋಜನೆಗಳಲ್ಲಿ ಹಣ ಮುಂಗಡವಾಗಿ ಖಾತೆಗೆ ಬರುವುದಿಲ್ಲ, ಖರ್ಚಿನ ಮಿತಿ ಮಾತ್ರ ನಿಗದಿಯಾಗುತ್ತದೆ. ಅಂಥ ಕಡೆ ಬಡ್ಡಿಯ ತಾಪತ್ರಯವೇ ಇಲ್ಲ.

ಇಷ್ಟು ಕೈಯಲ್ಲಿದ್ದರೆ ಪತ್ರ ತಾನಾಗಿ ಮೂಡುತ್ತದೆ. ಕೇಂದ್ರದ ಕಚೇರಿಗೆ ಹೋಗುವುದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಒಕ್ಕಣೆ ಹೀಗಿದ್ದರೆ ಸಾಕು:

“ವಿಷಯ: ಕೊಳವೆಬಾವಿ ನೀರಿನ ಫ್ಲೋರೈಡ್ ಸಮೀಕ್ಷೆ ಯೋಜನೆಯ ಅಂತಿಮ ಲೆಕ್ಕ ಮತ್ತು ಉಳಿಕೆ ಹಣ ಹಿಂದಿರುಗಿಸಿದ ಬಗ್ಗೆ.

ಉಲ್ಲೇಖ: ತಮ್ಮ ಮಂಜೂರಾತಿ ಆದೇಶದ ಸಂಖ್ಯೆ ಮತ್ತು ದಿನಾಂಕ.

ಮಾನ್ಯರೇ,

ಉಲ್ಲೇಖಿತ ಆದೇಶದಂತೆ ಎರಡು ಕಂತುಗಳಲ್ಲಿ ₹6,00,000 ಸ್ವೀಕರಿಸಿದ್ದೇವೆ. ದಿನಾಂಕ 31-3-2025ಕ್ಕೆ ಯೋಜನೆ ಮುಗಿದಿದ್ದು ₹5,82,250 ಖರ್ಚಾಗಿದೆ. ಉಳಿಕೆ ₹17,750.

ಉಳಿಕೆಯ ಪೈಕಿ ₹5,400 ಮೀಟರನ್ನು ಅಂದಾಜಿಗಿಂತ ಕಡಿಮೆ ದರಕ್ಕೆ ಕೊಂಡಿದ್ದರಿಂದ ಉಳಿದಿದೆ. ಕ್ಷೇತ್ರ ಸಹಾಯಕರ ಹುದ್ದೆ ಒಂದು ತಿಂಗಳು ಖಾಲಿಯಿದ್ದ ಕಾರಣ ₹10,000 ಉಳಿದಿದೆ. ಆ ತಿಂಗಳ ಮಾದರಿಗಳನ್ನು ಪ್ರಧಾನ ಸಂಶೋಧಕರೇ ಸಂಗ್ರಹಿಸಿದ್ದು ಕೆಲಸ ನಿಂತಿಲ್ಲ. ಕೊನೆಯ ಸುತ್ತಿನಲ್ಲಿ ಅರವತ್ತರ ಪೈಕಿ ನಾಲ್ಕು ಕೊಳವೆಬಾವಿಗಳು ಬತ್ತಿದ್ದರಿಂದ ಅಲ್ಲಿ ಮಾದರಿ ತೆಗೆಯಲಾಗಿಲ್ಲ. ಇದರಿಂದ ರಾಸಾಯನಿಕದಲ್ಲಿ ₹1,750, ಪ್ರಯಾಣದಲ್ಲಿ ₹600 ಉಳಿದಿದೆ. ಈ ಬಾವಿಗಳ ವಿವರ ಅಂತಿಮ ವರದಿಯಲ್ಲಿದೆ. ಯಾವುದೇ ಬಾಬ್ತಿನಲ್ಲಿ ಮಂಜೂರಾದ ಮೊತ್ತ ಮೀರಿಲ್ಲ.

ಉಳಿಕೆ ₹17,750 ಹಾಗೂ ಬಡ್ಡಿ ₹9,120 ಎರಡನ್ನೂ ಪ್ರತ್ಯೇಕವಾಗಿ ಕಟ್ಟಿದ್ದು ರಸೀದಿಗಳನ್ನು ಲಗತ್ತಿಸಿದೆ. ಬ್ಯಾಂಕ್ ಶಿಲ್ಕಿನಲ್ಲಿ ಹೆಚ್ಚಾಗಿ ಕಾಣುವ ₹2,250, ನಗದಾಗದ ಒಂದು ಚೆಕ್ಕಿನದು.”

ಅದರ ಕೆಳಗೆ ಲಗತ್ತುಗಳ ಪಟ್ಟಿ, ಪ್ರಧಾನ ಸಂಶೋಧಕರ ಮತ್ತು ಪ್ರಾಂಶುಪಾಲರ ಸಹಿ, ಮೊಹರು. ಪತ್ರದಲ್ಲಿ ಕ್ಷಮೆಯಾಚನೆ ಇಲ್ಲ, ಹೊಗಳಿಕೆ ಇಲ್ಲ. ಹಣ ಉಳಿದಿರುವುದು ತಪ್ಪಲ್ಲದ ಮೇಲೆ ಕ್ಷಮೆ ಕೇಳುವ ಅಗತ್ಯ ನನಗೆ ಕಾಣುವುದಿಲ್ಲ.

ಇದರ ಬದಲು ಮಾರ್ಚ್ ತಿಂಗಳಲ್ಲಿ ಉಳಿದದ್ದನ್ನು ಹೇಗಾದರೂ ಮುಗಿಸಿಬಿಡುವ ಚಾಳಿ ಎಷ್ಟೋ ಕಡೆ ಇದೆ. ಹದಿನೇಳು ಸಾವಿರಕ್ಕೆ ಒಂದು ಪ್ರಿಂಟರ್ ಬರುತ್ತದಲ್ಲ ಎಂಬ ಯೋಚನೆ. ಮಾಡುವವರಲ್ಲಿ ಮೋಸದ ಉದ್ದೇಶ ಇರುವುದು ಅಪರೂಪ, ಸೊನ್ನೆ ಉಳಿಕೆಯೇ ಗೌರವ ಎಂದು ನಂಬಿರುತ್ತಾರೆ. ಆದರೆ ಮಂಜೂರಾತಿಯಲ್ಲಿ ಪ್ರಿಂಟರ್ ಇಲ್ಲ. ಸಂಬಳದ ಬಾಬ್ತಿನ ಹಣವನ್ನು ಉಪಕರಣಕ್ಕೆ ತಿರುಗಿಸಲು ಮುಂಚಿತವಾಗಿ ಒಪ್ಪಿಗೆ ಬೇಕು. ಮಾರ್ಚ್ 30ಕ್ಕೆ ತಂದ ಪ್ರೊಫಾರ್ಮಾ ಇನ್‌ವಾಯ್ಸ್ ಬಿಲ್ಲಾಗುವುದಿಲ್ಲ. ಸಾಮಾನು ಏಪ್ರಿಲ್‌ನಲ್ಲಿ ಬಂದರೆ ದಾಸ್ತಾನು ಪುಸ್ತಕದ ತಾರೀಕೇ ಅದನ್ನು ಹೇಳಿಬಿಡುತ್ತದೆ. ಚಾರ್ಟರ್ಡ್ ಅಕೌಂಟೆಂಟ್ ಬಿಟ್ಟರೂ, ಅನುದಾನ ಪಡೆದ ಸಂಸ್ಥೆಯ ಲೆಕ್ಕವನ್ನು ತಪಾಸಣೆ ಮಾಡುವ ಅಧಿಕಾರ ಮಂಜೂರು ಮಾಡಿದ ಇಲಾಖೆಗೂ ಮಹಾಲೇಖಪಾಲರಿಗೂ ಇದೆ. ಆಕ್ಷೇಪಣೆ ಬಂದರೆ ಆ ಖರ್ಚನ್ನು ಅಮಾನ್ಯ ಮಾಡಿ ಹಣವನ್ನು ವಸೂಲು ಮಾಡಬಹುದು, ಅಷ್ಟರಲ್ಲಿ ಆ ಪ್ರಾಧ್ಯಾಪಕರು ನಿವೃತ್ತರೂ ಆಗಿರಬಹುದು.

ಇನ್ನೊಂದು ಸೂಕ್ಷ್ಮ. ಕೊಟ್ಟಿರುವ ಮುಂಗಡ ಖರ್ಚಲ್ಲ. ಓಡಾಟಕ್ಕೆಂದು ಸಹಾಯಕರ ಕೈಗೆ ಕೊಟ್ಟ ಐದು ಸಾವಿರಕ್ಕೆ ಬಿಲ್ಲು ಬಂದು ಹೊಂದಾಣಿಕೆ ಆಗುವವರೆಗೆ ಅದು ಅವರಿಂದ ಬರಬೇಕಾದ ಹಣ. ಅದನ್ನು ಖರ್ಚಿಗೆ ಸೇರಿಸಿ ಪ್ರಮಾಣಪತ್ರಕ್ಕೆ ಸಹಿ ಹಾಕಿದರೆ ಉಳಿಕೆಯೇ ತಪ್ಪಾಗುತ್ತದೆ, ಪತ್ರದಲ್ಲಿ ಎಷ್ಟು ಚೆನ್ನಾಗಿ ಕಾರಣ ಬರೆದರೂ ಪ್ರಯೋಜನವಿಲ್ಲ. ಖರ್ಚಿನ ತಃಖ್ತೆ, ಪ್ರಮಾಣಪತ್ರ, ನಗದು ಪುಸ್ತಕ ಮೂರರಲ್ಲೂ ಒಂದೇ ಅಂಕಿ ಇದೆಯೇ ಎಂದು ಲಕೋಟೆ ಅಂಟಿಸುವ ಮುಂಚೆ ಬೇರೊಬ್ಬರಿಂದ ಓದಿಸುವುದು ಒಳ್ಳೆಯದು. ಬರೆದವರ ಕಣ್ಣಿಗೆ ತಮ್ಮದೇ ಅಂಕಿಯ ತಪ್ಪು ಬೀಳುವುದು ಕಷ್ಟ.

ಪತ್ರ ಹೋದ ಮೇಲೂ ಒಂದು ಚೂರು ಬಾಕಿ ಇರುತ್ತದೆ. ಮಾರ್ಚ್ 31ರಿಂದ ಹಣ ಕಟ್ಟಿದ ದಿನದವರೆಗೆ 26,870 ಬ್ಯಾಂಕಿನಲ್ಲೇ ಇದ್ದಿತಲ್ಲ, ಅದಕ್ಕೂ ಬಡ್ಡಿ ಬರುತ್ತದೆ. ಐವತ್ತೋ ಅರವತ್ತೋ ರೂಪಾಯಿ ಇರಬಹುದು. ಜೀಪಿನ ಚೆಕ್ಕು ನಗದಾದ ಮೇಲೆ ಖಾತೆ ಮುಚ್ಚಿಸಿದರೆ ಬ್ಯಾಂಕಿನವರು ಅದನ್ನೂ ಲೆಕ್ಕ ಹಾಕಿ ಕೊಡುತ್ತಾರೆ. ಅಷ್ಟನ್ನೂ ಅದೇ ಪೋರ್ಟಲಿನಲ್ಲಿ ಕಟ್ಟಿ, ಹಿಂದಿನ ಪತ್ರದ ಸಂಖ್ಯೆ ಉಲ್ಲೇಖಿಸಿ, ರಸೀದಿ ಮತ್ತು ಖಾತೆ ಮುಚ್ಚಿದ ಬ್ಯಾಂಕಿನ ಪತ್ರ ಲಗತ್ತಿಸಿ ಮೂರು ಸಾಲಿನ ಇನ್ನೊಂದು ಪತ್ರ ಕಳಿಸಬೇಕು. ಕಡತ ಮುಚ್ಚುವುದು ಅದು ತಲುಪಿದ ಮೇಲೆ.