ಹರ್ಷ ಸೋತನೇ? ಒಂದು ವಾಕ್ಯ, ಎರಡು ಆಧಾರ

ಇತಿಹಾಸ ತರಗತಿಯಲ್ಲಿ ಆಧಾರಗಳ ಹೋಲಿಕೆ ಎಂದರೆ ಒಂದೇ ಘಟನೆಯ ಬಗ್ಗೆ ಬೇರೆ ಬೇರೆಯವರು ಬರೆದಿಟ್ಟದ್ದನ್ನು ಅಕ್ಕಪಕ್ಕ ಇಟ್ಟು, ಯಾವ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಮಕ್ಕಳಿಂದಲೇ ತೂಗಿಸುವುದು. ಕರ್ನಾಟಕದ ಪ್ರೌಢಶಾಲೆಗೆ ಇದಕ್ಕೆ ಹೇಳಿ ಮಾಡಿಸಿದಂಥ ಪ್ರಸಂಗವೊಂದಿದೆ. ನರ್ಮದಾ ನದಿಯ ದಡದಲ್ಲಿ ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ಸೋಲಿಸಿದನು ಎಂಬ ವಾಕ್ಯ ಇಲ್ಲಿ ಶಾಲೆ ಕಲಿತವರಿಗೆಲ್ಲ ಬಾಯಿಪಾಠ. ಆ ಒಂದು ವಾಕ್ಯ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ ಒಂದು ಪೀರಿಯಡ್ ಸಾಲದು.

ಮೊದಲ ಆಧಾರ ಐಹೊಳೆಯ ಮೇಗುತಿ ಬೆಟ್ಟದ ಜಿನಾಲಯದ ಗೋಡೆಯ ಮೇಲಿದೆ. ಶಕವರ್ಷ 556ರ, ಅಂದರೆ ಕ್ರಿ.ಶ. 634-35ರ ಈ ಸಂಸ್ಕೃತ ಶಾಸನವನ್ನು ಬರೆದವನು ರವಿಕೀರ್ತಿ. ಸಾಮಂತರ ಕಿರೀಟಗಳ ರತ್ನಕಾಂತಿ ಪಾದಕ್ಕೆ ಬೀಳುತ್ತಿದ್ದಂಥ ಹರ್ಷನು ಯುದ್ಧದಲ್ಲಿ ತನ್ನ ಆನೆಗಳ ಸಾಲು ಉರುಳಿದ್ದನ್ನು ಕಂಡು ಭಯದಿಂದ ಹರ್ಷವನ್ನೇ ಕಳೆದುಕೊಂಡನೆಂದು ಅವನು ಶ್ಲೇಷೆಯಿಂದ ಹೇಳುತ್ತಾನೆ. ಎರಡನೆಯ ಆಧಾರ ಚೀನಾದ ಬೌದ್ಧ ಯಾತ್ರಿಕ ಹ್ಯೂಯೆನ್ ತ್ಸಾಂಗ್‌ನ ಪ್ರವಾಸಗ್ರಂಥ. ಅವನು ಸುಮಾರು 641ರಲ್ಲಿ ಪುಲಕೇಶಿಯ ರಾಜ್ಯಕ್ಕೆ ಬಂದಿದ್ದ. ಶೀಲಾದಿತ್ಯ, ಅಂದರೆ ಹರ್ಷ, ಪೂರ್ವ ಪಶ್ಚಿಮದ ನಾಡುಗಳನ್ನೆಲ್ಲ ಗೆದ್ದರೂ ಈ ನಾಡಿನ ಜನ ಮಾತ್ರ ಮಣಿದಿಲ್ಲ, ದೊಡ್ಡ ಸೇನೆ ಕಟ್ಟಿಕೊಂಡು ತಾನೇ ಮುಂದಾಗಿ ಬಂದರೂ ಅವರನ್ನು ಅಡಗಿಸಲಾಗಿಲ್ಲ ಎಂಬುದು ಅವನ ವರದಿಯ ತಿರುಳು.

ತರಗತಿಗೆ ಬೇಕಾದದ್ದು ಇವೆರಡರ ಸರಳ ಕನ್ನಡ ರೂಪ, ತಲಾ ಐದಾರು ಸಾಲು. ಕಠಿಣ ಪದಗಳನ್ನು ಸರಳ ಮಾಡಬಹುದು, ಆದರೆ ಹೇಳಿಕೆಯ ತೂಕ ಬದಲಾಗಬಾರದು. "ಅಡಗಿಸಲಾಗಿಲ್ಲ" ಎಂಬುದನ್ನು ಸಲೀಸಾಗಲೆಂದು "ಸೋತನು" ಎಂದು ಬರೆದುಬಿಟ್ಟರೆ ಪಾಠ ಅಲ್ಲಿಗೇ ಕೆಡುತ್ತದೆ. ಪ್ರತಿ ಚೀಟಿಯ ತಲೆಯಲ್ಲಿ ಬರೆದವರು ಯಾರು, ಯಾವಾಗ, ಎಲ್ಲಿ, ಯಾರಿಗಾಗಿ ಎಂಬ ಒಂದು ಸಾಲು ಇರಬೇಕು. ಪಠ್ಯಪುಸ್ತಕ ಅಷ್ಟು ಹೊತ್ತು ಮುಚ್ಚಿಯೇ ಇರಲಿ.

ಮೊದಲ ಐದು ನಿಮಿಷ ಮಕ್ಕಳು ಆ ತಲೆಸಾಲನ್ನು ಮಾತ್ರ ಓದಬೇಕು. ಇದಕ್ಕೆ ಕಾರಣವಿದೆ. ಅಮೆರಿಕದ ಸ್ಯಾಮ್ ವೈನ್‌ಬರ್ಗ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇತಿಹಾಸಕಾರರೂ ಪ್ರೌಢಶಾಲಾ ವಿದ್ಯಾರ್ಥಿಗಳೂ ಒಂದೇ ಕದನದ ದಾಖಲೆಗಳನ್ನು ಓದಿದ್ದರು. ಇತಿಹಾಸಕಾರರ ಕಣ್ಣು ಮೊದಲು ಬರೆದವನ ಹೆಸರಿನ ಮೇಲೆ ಹೋಗುತ್ತಿತ್ತು. ವಿದ್ಯಾರ್ಥಿಗಳು ಬಹುಮಟ್ಟಿಗೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ಮುಗಿಸುತ್ತಿದ್ದರು, ಯಾರು ಹೇಳಿದ್ದೆಂಬುದು ಅವರಿಗೆ ಮುಖ್ಯವೇ ಆಗಿರಲಿಲ್ಲ. ತಲೆಸಾಲಿನ ಐದು ನಿಮಿಷ ಆ ಅಭ್ಯಾಸವನ್ನು ತಿರುಗಿಸಲಿಕ್ಕೆ.

ರವಿಕೀರ್ತಿ ಪುಲಕೇಶಿಯ ಕೃಪೆಗೆ ಪಾತ್ರನಾಗಿದ್ದವನು, ತಾನು ಕಟ್ಟಿಸಿದ ಬಸದಿಯ ಗೋಡೆಯ ಮೇಲೆಯೇ ರಾಜನನ್ನು ಹೊಗಳುತ್ತಿದ್ದಾನೆ. ಕಾಳಿದಾಸ, ಭಾರವಿಯರ ಸಾಲಿಗೆ ತನ್ನನ್ನೂ ಸೇರಿಸಿಕೊಳ್ಳುವ ಕವಿ ಅವನು. ಇಷ್ಟು ತಿಳಿದ ಕೂಡಲೇ ತರಗತಿಯಲ್ಲಿ ಒಂದು ಉತ್ತರ ಹಾರಿ ಬರುತ್ತದೆ: "ಇವನು ಪಕ್ಷಪಾತಿ, ಆದ್ದರಿಂದ ಇದು ಸುಳ್ಳು." ಆಧಾರ ಕಲಿಕೆಯಲ್ಲಿ ಹೆಚ್ಚು ಕಾಣುವ ತಪ್ಪು ಇದೇ, ಮತ್ತು ಅರ್ಧ ಕಲಿತದ್ದರಿಂದ ಹುಟ್ಟುವ ತಪ್ಪಾದ್ದರಿಂದ ತಿದ್ದುವುದೂ ಕಷ್ಟ. ಶಿಕ್ಷಕರು ಅದನ್ನು ಅಲ್ಲಗಳೆಯುವ ಬದಲು, ಈ ಹೊಗಳಿಕೆ ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲದು ಎಂದು ಕೇಳುವುದು ಮೇಲು. ಬಾದಾಮಿಯ ಅರಮನೆ ಯಾವುದನ್ನು ಹೇಳಿಕೊಂಡು ಬೀಗುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಇಲ್ಲ. ಹರ್ಷನ ಪಾದಕ್ಕೆ ಸಾಮಂತರ ಕಿರೀಟ ಬಾಗಿಸಿದ್ದೂ ಅದಕ್ಕೇ, ಎದುರಾಳಿ ದೊಡ್ಡವನಾದಷ್ಟೂ ಗೆದ್ದವನು ದೊಡ್ಡವನು.

ಹ್ಯೂಯೆನ್ ತ್ಸಾಂಗ್‌ನ ಕಥೆ ಬೇರೆ. ಹರ್ಷ ಅವನನ್ನು ಆದರಿಸಿದ್ದ, 643ರಲ್ಲಿ ಕನೌಜಿನಲ್ಲಿ ಅವನಿಗಾಗಿ ದೊಡ್ಡ ಧರ್ಮಸಭೆಯನ್ನೇ ಕೂಡಿಸಿದ್ದ. ಗ್ರಂಥ ಸಿದ್ಧವಾದದ್ದು ಚೀನಾಕ್ಕೆ ಮರಳಿದ ಮೇಲೆ, 646ರಲ್ಲಿ, ಅಲ್ಲಿನ ಚಕ್ರವರ್ತಿಗಾಗಿ. ಹರ್ಷನ ಗುಣಗಾನ ಮಾಡುವ ಬರಹಗಾರ ಹರ್ಷನಿಗೆ ಇಷ್ಟವಾಗದ ಮಾತೊಂದನ್ನು ಬರೆದಿದ್ದಾನೆ. ತನ್ನವರ ವಿರುದ್ಧ ಹೋಗುವ ಸಾಕ್ಷಿಗೆ ತೂಕ ಹೆಚ್ಚು ಎಂಬುದನ್ನು ಮಕ್ಕಳು ಮನೆಯ ಜಗಳದಲ್ಲೇ ಕಂಡಿರುತ್ತಾರೆ. ಅಣ್ಣನ ಗೆಳೆಯನೇ ಅಣ್ಣನದು ತಪ್ಪು ಎಂದರೆ ಅಮ್ಮ ನಂಬುತ್ತಾಳೆ.

ಎರಡೂ ಒಂದೇ ಮಾತು ಹೇಳುತ್ತವೆ, ಹಾಗಾದರೆ ಸತ್ಯ ಎಂದು ಇಲ್ಲಿ ನಿಲ್ಲಿಸುವ ಆಸೆಯಾಗುತ್ತದೆ. ಆದರೆ ಅವು ಹೇಳುವುದು ಒಂದೇ ಮಾತಲ್ಲ. ಕಪ್ಪುಹಲಗೆಯ ಮೇಲೆ ಎರಡು ಕಂಬ ಸಾಲು ಎಳೆದು, ಪ್ರತಿ ಆಧಾರ ನಿಜಕ್ಕೂ ಏನು ಹೇಳಿದೆ ಎಂದು ಚಿಕ್ಕಚಿಕ್ಕ ತುಂಡುಗಳಾಗಿ ಬರೆಸಿದಾಗ ಇದು ಕಣ್ಣಿಗೆ ಬೀಳುತ್ತದೆ. ಯುದ್ಧದಲ್ಲಿ ಆನೆಗಳು ಬಿದ್ದವು ಎಂಬುದು ಶಾಸನದಲ್ಲಷ್ಟೇ ಇದೆ. ಹರ್ಷ ಖುದ್ದಾಗಿ ಸೇನೆ ನಡೆಸಿದ ಎಂಬುದನ್ನು ಯಾತ್ರಿಕ ಸ್ಪಷ್ಟವಾಗಿ ಹೇಳುತ್ತಾನೆ. ಗೆಲ್ಲಲಾಗಲಿಲ್ಲ ಎಂಬಲ್ಲಿ ಎರಡೂ ಕೂಡುತ್ತವೆ. ಗೆಲ್ಲದೆ ಹಿಂದಿರುಗುವುದಕ್ಕೂ ಸೋತು ಓಡುವುದಕ್ಕೂ ಇರುವ ಅಂತರದ ಮೇಲೆ ಒಳ್ಳೆಯ ತರಗತಿ ಹತ್ತು ನಿಮಿಷ ವಾದ ಮಾಡುತ್ತದೆ, ಮಾಡಲು ಬಿಡಬೇಕು.

ಈಗ ಪಠ್ಯಪುಸ್ತಕ ತೆರೆಯಬಹುದು. "ನರ್ಮದಾ ನದಿಯ ದಡ" ಯಾವ ಕಂಬದಲ್ಲಿದೆ? ಎರಡರಲ್ಲೂ ಇಲ್ಲ. ಹರ್ಷನ ಪದ್ಯದ ನಂತರದ ಪದ್ಯದಲ್ಲಿ ರವಿಕೀರ್ತಿ ರೇವಾ ನದಿ, ಅಂದರೆ ನರ್ಮದೆ, ಮತ್ತು ವಿಂಧ್ಯದ ಪರಿಸರವನ್ನು ವರ್ಣಿಸುತ್ತಾನೆ. ಯುದ್ಧ ಅಲ್ಲೇ ನಡೆಯಿತೆಂದು ಅವನು ಹೇಳುವುದಿಲ್ಲ, ಪಕ್ಕಪಕ್ಕದ ಪದ್ಯಗಳಿಂದ ವಿದ್ವಾಂಸರು ಊಹಿಸಿದ್ದು ಅದು. ಊಹೆ ಬಲವಾದದ್ದೇ, ಎರಡು ರಾಜ್ಯಗಳ ನಡುವಿನ ಸಹಜ ಗಡಿ ಆ ಪ್ರದೇಶ. ಆದರೂ ಅದು ಊಹೆ. ಯುದ್ಧ ನಡೆದ ವರ್ಷವೂ ಎರಡರಲ್ಲಿ ಒಂದರಲ್ಲೂ ಇಲ್ಲ. ಶಾಸನ ಕೆತ್ತುವ ಹೊತ್ತಿಗೆ ಅದು ಮುಗಿದಿತ್ತು ಎಂದಷ್ಟೇ ಧೈರ್ಯವಾಗಿ ಹೇಳಬಹುದು.

ಚುರುಕಿನ ಮಕ್ಕಳು ಬಾಣಭಟ್ಟನನ್ನು ಎಳೆದು ತರುತ್ತಾರೆ: ಹರ್ಷನ ಆಸ್ಥಾನಕವಿಯ 'ಹರ್ಷಚರಿತ'ದಲ್ಲಿ ಈ ಯುದ್ಧ ಇಲ್ಲವಲ್ಲ, ಮುಚ್ಚಿಟ್ಟನೇ? ಆ ಗದ್ಯಕಾವ್ಯ ಹರ್ಷನ ಆಳ್ವಿಕೆಯ ಆರಂಭದಲ್ಲೇ, ತಂಗಿ ರಾಜ್ಯಶ್ರೀ ಸಿಕ್ಕಿದ ಹೊತ್ತಿಗೆ ನಿಂತುಬಿಡುತ್ತದೆ. ಆಮೇಲಿನದನ್ನು ಅದರಲ್ಲಿ ಹುಡುಕುವಂತಿಲ್ಲ. ಹೇಳಲು ಅವಕಾಶವಿದ್ದೂ ಹೇಳದಿದ್ದರೆ ಮಾತ್ರ ಮೌನಕ್ಕೆ ಅರ್ಥ.

ಪೀರಿಯಡ್‌ನ ಕೊನೆಯಲ್ಲಿ ಪ್ರತಿಯೊಬ್ಬರೂ ಪಠ್ಯದ ವಾಕ್ಯವನ್ನು ತಿದ್ದಿ ಬರೆಯುತ್ತಾರೆ, ಪ್ರತಿ ಮಾತಿಗೂ ಆಧಾರ ತೋರಿಸಬೇಕೆಂಬ ಷರತ್ತಿನ ಮೇಲೆ. "ಹರ್ಷನು ಪುಲಕೇಶಿಯ ಮೇಲೆ ದಂಡೆತ್ತಿ ಬಂದರೂ ಗೆಲ್ಲಲಿಲ್ಲ, ಇದನ್ನು ಇಬ್ಬರೂ ಹೇಳುತ್ತಾರೆ, ಅವನು ಆನೆಗಳನ್ನು ಕಳೆದುಕೊಂಡನೆಂದು ರವಿಕೀರ್ತಿ ಹೇಳುತ್ತಾನೆ, ಯುದ್ಧ ಬಹುಶಃ ನರ್ಮದೆಯ ಬಳಿ ನಡೆಯಿತು." ಇಂಥ ಉತ್ತರ ಬಂದರೆ ಪಾಠ ತಲುಪಿದೆ. ಎರಡೂ ಚೀಟಿಯ ಸಾರಾಂಶ ಒಂದರ ಕೆಳಗೊಂದು ಬಂದಿದ್ದರೆ ಮಗು ಓದಿದೆ, ಹೋಲಿಸಿಲ್ಲ. "ಇಬ್ಬರದೂ ಅವರವರ ಅಭಿಪ್ರಾಯ" ಎಂದಿದ್ದರೆ ಕಂಬ ಸಾಲಿನ ಕೆಲಸವನ್ನು ಮತ್ತೊಮ್ಮೆ ಮಾಡಿಸಬೇಕು.

ಹೋಲಿಕೆ ಕೈಗೆ ಹತ್ತಿದ ಮೇಲೆ ಇನ್ನೂ ಬಿಗಿಯಾದ ಗಂಟನ್ನು ಕೊಡಬಹುದು. ಪುಲಕೇಶಿಗೆ ಹೆದರಿ ಪಲ್ಲವರ ಒಡೆಯ ಕಂಚಿಯ ಕೋಟೆಯೊಳಗೆ ಅಡಗಿದನೆಂದು ಅದೇ ಐಹೊಳೆ ಶಾಸನ ಹೇಳುತ್ತದೆ. ಸುಮಾರು ನೂರು ವರ್ಷಗಳ ನಂತರದ ಪಲ್ಲವರ ಕಶಾಕುಡಿ ತಾಮ್ರಪಟವಾದರೋ ಮಹೇಂದ್ರವರ್ಮನು ಪುಳ್ಳಲೂರಿನಲ್ಲಿ ತನ್ನ ಪ್ರಮುಖ ಶತ್ರುಗಳನ್ನು ನಾಶ ಮಾಡಿದನೆನ್ನುತ್ತದೆ. ಆ ಶತ್ರುಗಳು ಯಾರೆಂದು ಮಾತ್ರ ತಾಮ್ರಪಟ ಹೆಸರಿಸುವುದಿಲ್ಲ.