ಸಾಹೇಬರ ಕಾರು, ಟ್ರೇನಿ ಡ್ರೈವರ್

ಸೈಟಿಗೆ ಟ್ರೇನಿಯಾಗಿ ಸೇರಿದ ಮೊದಲ ತಿಂಗಳಲ್ಲೇ ಕೆಲವರಿಗೆ ಸಾಹೇಬರ ಮನೆಗೆ ಮೀನು ತರೋ ಡ್ಯೂಟಿಯೂ ಬೀಳುತ್ತೆ. ಮೀನು ಬಿಡಿ, ಅದರಲ್ಲಿ ಹೋಗೋದು ಮರ್ಯಾದೆ ಅಷ್ಟೇ. ಕಾರಿನ ಕೀಲಿ ಕೈಗೆ ಬಂದಾಗ ಲೆಕ್ಕವೇ ಬೇರೆ.

ಹೀಗೆ ಊಹಿಸಿ: ಕಾರವಾರದ ಸೈಟಿನಲ್ಲಿ ಮಧ್ಯಾಹ್ನ ಸಾಹೇಬರು, "ತಮಾ, ಅಮ್ಮನ್ನ ಅಂಕೋಲಾಕ್ಕೆ ಬಿಟ್ಟು ಬಾ" ಅಂತಾರೆ. ಕಾರು ಅವರ ಸ್ವಂತದ್ದು. ಹೆದ್ದಾರಿ 66ರಲ್ಲಿ, ಅವರ್ಸಾ ಹತ್ತಿರ, ಡಿವೈಡರಿಗೆ ಬಡಿದು ಹುಡುಗನ ಒಂದು ಕಣ್ಣು ಹೋಗುತ್ತೆ. ಪರಿಹಾರ ಯಾರು ಕೊಡಬೇಕು?

ಲೈಸೆನ್ಸ್ ಇದ್ದರೆ, ದಾರಿಹೋಕರಿಗೆ ಪೆಟ್ಟಾದಾಗ ಕಾರಿನ ಥರ್ಡ್ ಪಾರ್ಟಿ ವಿಮೆ ಬರುತ್ತೆ. ಆದರೆ ಸ್ಟೀರಿಂಗ್ ಹಿಡಿದವನು ಥರ್ಡ್ ಪಾರ್ಟಿ ಅಲ್ಲ. ಪಾಲಿಸಿಯ ಜೊತೆ ಬರುವ 15 ಲಕ್ಷದ ಅಪಘಾತ ವಿಮೆ, ಮಾಲೀಕರೇ ಓಡಿಸುತ್ತಿದ್ದಾಗ ಅವರಿಗೆ ಮಾತ್ರ. ಸಂಬಳದ ಡ್ರೈವರಿಗೆ ಬೇರೆ ಕವರ್ ಇದೆ, ಇವನು ಅದೂ ಅಲ್ಲ.

ಉಳಿದದ್ದು ಕಂಪನಿ. ನೌಕರರ ಪರಿಹಾರದ ಕಾನೂನು ಕೇಳೋದು, ಅಪಘಾತ ಕೆಲಸದಿಂದ ಮತ್ತು ಕೆಲಸದ ಅವಧಿಯಲ್ಲಿ ಆಯ್ತಾ ಅಂತ. ಅಪ್ರೆಂಟಿಸ್‌ಗಳಿಗೂ ತರಬೇತಿಯ ಸಂಬಂಧದಲ್ಲಿ ಇಂಥದೇ ನಿಯಮವಿದೆ. "ಅಮ್ಮನ್ನ ಬಿಡೋದು ನಮ್ಮ ಕೆಲಸವೇ ಅಲ್ಲ" ಅಂತ ಕಂಪನಿ ವಾದಿಸೋದು ಇಲ್ಲೇ. ಬಾಯಿಮಾತಿನ ಆದೇಶಕ್ಕೆ ಸಾಕ್ಷಿಯೂ ಇರಲ್ಲ.

ಹಾಗಾಗಿ ಹೊರಡೋ ಮುಂಚೆ ಒಂದು ಮೆಸೇಜ್: "ಸರ್, ನೀವು ಹೇಳಿದಂತೆ ಅಂಕೋಲಾಕ್ಕೆ ಹೊರಟಿದ್ದೇನೆ. ಕಾಂಕ್ರೀಟ್ ಚೆಕಿಂಗ್ ಯಾರಿಗೆ ವಹಿಸಲಿ?" ಇದರಿಂದ ಕೇಸ್ ಗೆಲ್ಲುತ್ತೆ ಅಂತಿಲ್ಲ. ಆದರೆ ಡ್ಯೂಟಿ ಹೊತ್ತಲ್ಲಿ ಕಳಿಸಿದ್ದು ಯಾರು ಅನ್ನೋದು ದಾಖಲಾಗುತ್ತೆ. ಎಷ್ಟೋ ಸಲ ಮೆಸೇಜ್ ಓದಿದ ಸಾಹೇಬರೇ "ಇರ್ಲಿ, ಆಟೋ ಮಾಡಿಸ್ತೇನೆ" ಅಂತಾರೆ.